ಕರೆಂಟ್ ಯೀಲ್ಡ್ 9.09%, ವೈಟಿಎಂ 7.53%: ಯಾವುದನ್ನು ನಂಬಬೇಕು?

"ಮುಖಬೆಲೆ 100, ಕೂಪನ್ 10%, ಬೆಲೆ 110, ಅವಧಿ 5 ವರ್ಷ. ಒಂದೇ ಬಾಂಡಿಗೆ ಎರಡು ಯೀಲ್ಡ್ ಯಾಕೆ? ಯಾವುದು ನಿಜ?"

ಎರಡೂ ಲೆಕ್ಕ ಸರಿಯೇ, ಆದರೆ ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುವುದಾದರೆ 7.53% ನೋಡಿ. ಅದೇ ವೈಟಿಎಂ, ಅಂದರೆ ಕೊನೆಯವರೆಗೆ ಇಟ್ಟುಕೊಂಡರೆ ವರ್ಷಕ್ಕೆ ಸಿಗುವ ಯೀಲ್ಡ್. ಕರೆಂಟ್ ಯೀಲ್ಡ್ ಅಂದರೆ ವರ್ಷದ ಕೂಪನ್ ಬಡ್ಡಿ ಭಾಗಿಸು ಇಂದಿನ ಬೆಲೆ, 10/110, ಅಷ್ಟೇ. ಕೊನೆಗೆ ಕೈಗೆ ಬರುವುದು 110 ಅಲ್ಲ, 100 ಎಂಬುದು ಅದಕ್ಕೆ ಗೊತ್ತೇ ಇಲ್ಲ. ಆ 10ರ ನಷ್ಟವನ್ನು 5 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 2. ಹಾಗಾಗಿ ನಿಜವಾದ ಗಳಿಕೆ ವರ್ಷಕ್ಕೆ ಸುಮಾರು 8. ಅದನ್ನು ಸರಾಸರಿ ಬೆಲೆ 105ರಿಂದ ಭಾಗಿಸಿದರೆ 7.62%. ಇದು ಕೈಲೆಕ್ಕ, ನಿಖರವಾಗಿ ಬೇಕಿದ್ದರೆ ಸ್ಪ್ರೆಡ್‌ಶೀಟಿನಲ್ಲಿ ಹೀಗೆ ಹಾಕಿ:

```
=RATE(5,10,-110,100)
```

ಬೆಲೆಯ ಮುಂದಿನ ಮೈನಸ್ ಮರೆತರೆ ಉತ್ತರ ಕೆಡುತ್ತದೆ. ಕೂಪನ್ ಆರು ತಿಂಗಳಿಗೊಮ್ಮೆ ಬರುವುದಾದರೆ 10 ಕಂತು, ತಲಾ 5. ಬಂದ ದರವನ್ನು ಎರಡರಿಂದ ಗುಣಿಸಿ.

ಡಿಸ್ಕೌಂಟ್ ಬಾಂಡಿನಲ್ಲಿ ಇದೆಲ್ಲ ತಿರುಗುಮುರುಗು. 6% ಕೂಪನ್ನಿನ 5 ವರ್ಷದ ಬಾಂಡ್ 90ಕ್ಕೆ ಸಿಕ್ಕರೆ ಕರೆಂಟ್ ಯೀಲ್ಡ್ 6.67%, ವೈಟಿಎಂ 8.54%, ಏಕೆಂದರೆ ಕೊನೆಯಲ್ಲಿ 10 ಹೆಚ್ಚು ಸಿಗುತ್ತದೆ. ಬೆಲೆ 100 ಇದ್ದರೆ ಮಾತ್ರ ಎರಡೂ ಒಂದೇ.

ವೈಟಿಎಂಗೂ ಒಂದು ಷರತ್ತಿದೆ: ಬಂದ ಕೂಪನ್ನುಗಳನ್ನೂ ಅದೇ ದರದಲ್ಲಿ ಮರುಹೂಡಿಕೆ ಮಾಡಿದರಷ್ಟೇ ಕೊನೆಗೆ ಒಟ್ಟಾರೆ 7.53% ಸಿಗುವುದು. ಇನ್ನು, ನಿಮ್ಮ ಪ್ರೀಮಿಯಂ ಬಾಂಡನ್ನು ಕಂಪನಿ ಅವಧಿಗೆ ಮೊದಲೇ 100 ಕೊಟ್ಟು ವಾಪಸ್ ಪಡೆಯುವ ಹಕ್ಕು ಇಟ್ಟುಕೊಂಡಿದೆಯೇ ನೋಡಿ. ಇದ್ದರೆ 5ರ ಬದಲು ವಾಪಸ್ ಪಡೆಯುವವರೆಗಿನ ವರ್ಷಗಳನ್ನೇ ಹಾಕಿ ಲೆಕ್ಕ ಮಾಡಿ. 2 ವರ್ಷಕ್ಕೇ ವಾಪಸ್ ಪಡೆದರೆ ಸಿಗುವುದು 4.65% ಮಾತ್ರ.