ಮೊದಲ ಸಂಕಲನದ ಕವಿತೆಗಳನ್ನು ವಿಷಯದ ಪ್ರಕಾರ ಭಾಗ ಮಾಡಬೇಡಿ

ಪ್ರಶ್ನೆ: ನನ್ನ ಮೊದಲ ಕವನ ಸಂಕಲನಕ್ಕೆ 48 ಕವಿತೆ ಇವೆ. ಪ್ರೀತಿ, ಅಮ್ಮ, ಪ್ರಕೃತಿ, ಸಮಾಜ ಅಂತ ನಾಲ್ಕು ಭಾಗ ಮಾಡಿದ್ದೇನೆ. ಸರಿಯಾ? ಎಲ್ಲಕ್ಕೂ ಹೊಂದುವ ಶೀರ್ಷಿಕೆ ಹೇಗೆ ಹುಡುಕೋದು?

ಆ ನಾಲ್ಕು ಭಾಗಗಳನ್ನು ಇವತ್ತೇ ಒಡೆದುಬಿಡಿ. ನಾನು ನನ್ನ ಮೊದಲ ಪುಸ್ತಕದಲ್ಲಿ ಇದನ್ನೇ ಮಾಡಿದ್ದೆ. ಕೈಯಿಂದ ದುಡ್ಡು ಹಾಕಿ 500 ಪ್ರತಿ ಮಾಡಿಸಿದೆ. ಮುನ್ನೂರಕ್ಕೂ ಜಾಸ್ತಿ ಇನ್ನೂ ಊರಿನ ಮನೆಯ ಅಟ್ಟದ ಮೇಲಿವೆ.

ನನ್ನ ಹತ್ತಿರ 44 ಕವಿತೆ ಇದ್ದವು. ಅಮ್ಮನ ಮೇಲೆ ಆರು. ಆರನ್ನೂ ಒಂದರ ಹಿಂದೆ ಒಂದು ಇಟ್ಟು, ಮುಂದೆ ಒಂದು ಹಾಳೆಯಲ್ಲಿ 'ಅಮ್ಮ' ಅಂತ ಅಚ್ಚು ಹಾಕಿಸಿದೆ. ಅವುಗಳಲ್ಲಿ ನಾಲ್ಕು ಮೊದಲೇ ಪತ್ರಿಕೆಗಳಲ್ಲಿ ಬಂದಿದ್ದವು, ಓದಿದವರು ಫೋನ್ ಮಾಡಿ ಮಾತಾಡಿದ್ದರು. ಬಿಡಿಬಿಡಿಯಾಗಿ ಗೆದ್ದ ಕವಿತೆಗಳು ಒಟ್ಟಿಗೆ ಇನ್ನೂ ಚೆನ್ನಾಗಿ ನಿಲ್ಲುತ್ತವೆ ಅಂದುಕೊಂಡೆ.

ಪುಸ್ತಕ ಬಂದ ಮೇಲೆ ನಾನು ಗೌರವಿಸುವ ಹಿರಿಯರೊಬ್ಬರಿಗೆ ಕೊಟ್ಟೆ. ಅವರು ಎರಡು ವಾರ ಬಿಟ್ಟು ಹೇಳಿದ್ದು ಇಷ್ಟು: "ಅಮ್ಮನ ಭಾಗದಲ್ಲಿ ಮೂರನೇದಕ್ಕೆ ಪುಟ ಮಗುಚಿಬಿಟ್ಟೆ ಕಣಮ್ಮ. ಮುಂದೇನು ಬರುತ್ತೆ ಅಂತ ಗೊತ್ತಾಗಿಬಿಟ್ಟಿತ್ತು." ನನ್ನ ಇಡೀ ಪುಸ್ತಕದ ಒಳ್ಳೆಯ ಕವಿತೆ ಆ ಭಾಗದ ಐದನೆಯದು. ಅವರು ಅದನ್ನು ಓದೇ ಇಲ್ಲ.

ಅವತ್ತು ರಾತ್ರಿ ಆ ಆರೂ ಕವಿತೆಗಳ ಕೊನೆಯ ಎರಡು ಸಾಲುಗಳನ್ನಷ್ಟೇ ಒಂದು ಹಾಳೆಗೆ ಇಳಿಸಿದೆ. ಮೂರರಲ್ಲಿ ಒಲೆ ಆರುತ್ತದೆ. ಎರಡರಲ್ಲಿ ಅಮ್ಮ ಸುಮ್ಮನೆ ಬಾಗಿಲಲ್ಲಿ ನಿಲ್ಲುತ್ತಾಳೆ. ಐದನೆಯದರಲ್ಲಿ ಮಾತ್ರ ಬೇರೆ ಏನೋ ಆಗುತ್ತದೆ. ಐದು ವರ್ಷದ ಅಂತರದಲ್ಲಿ ಬರೆದಾಗ ಇದು ನನಗೆ ಕಂಡಿರಲಿಲ್ಲ. ತಿಂಗಳುಗಳ ಅಂತರದಲ್ಲಿ ಪತ್ರಿಕೆಯಲ್ಲಿ ಓದಿದವರಿಗೂ ಕಂಡಿರಲಿಲ್ಲ. ಹತ್ತು ನಿಮಿಷದಲ್ಲಿ ಆರನ್ನೂ ಓದುವವರಿಗೆ ಕಾಣದೆ ಇರೋದಿಲ್ಲ. ಒಂದೇ ವಿಷಯದ ಕವಿತೆಗಳು ಪಕ್ಕಪಕ್ಕ ಕೂತಾಗ ಓದುವವರು ಹೋಲಿಸೋಕೆ ಶುರು ಮಾಡುತ್ತಾರೆ. ಹೋಲಿಕೆಯಲ್ಲಿ ಮೊದಲು ಕಣ್ಣಿಗೆ ಬೀಳೋದು ನಾವು ಅಭ್ಯಾಸದಿಂದ ಮತ್ತೆ ಮತ್ತೆ ಮಾಡುವ ಕೆಲಸ. ಅಷ್ಟೇ ಅಲ್ಲ, 'ಅಮ್ಮ' ಅಂತ ಮೊದಲೇ ಹಾಳೆ ಹಾಕಿಬಿಟ್ಟರೆ, ಕವಿತೆ ನಿಧಾನವಾಗಿ ಬಿಚ್ಚಬೇಕಾದದ್ದನ್ನು ನಾವೇ ಹೇಳಿಬಿಟ್ಟಂತೆ. ನನ್ನ ಐದನೇ ಕವಿತೆಯಲ್ಲಿ 'ಅವಳು' ಯಾರು ಅಂತ ಹತ್ತನೇ ಸಾಲಿನವರೆಗೆ ತಿಳಿಯಬಾರದಿತ್ತು. ಆ ತಲೆಬರಹದಿಂದ ಅದು ಮೊದಲ ಸಾಲಿಗೇ ಸತ್ತುಹೋಯಿತು.

ಆಮೇಲೆ ನನ್ನದೇ ಪುಸ್ತಕದ ಎರಡು ಪ್ರತಿ ಕತ್ತರಿಸಿದೆ. ಹಾಳೆಯ ಎರಡೂ ಬದಿ ಅಚ್ಚಾಗಿರುತ್ತದಲ್ಲ, ಒಂದು ಪ್ರತಿ ಸಾಲದು. (ನಿಮ್ಮದು ಇನ್ನೂ ಅಚ್ಚಾಗಿಲ್ಲ, ಒಂದು ಬದಿಗೆ ಪ್ರಿಂಟ್ ತೆಗೆಸಿದರೆ ಸಾಕು.) ನಡುಮನೆಯ ನೆಲದ ಮೇಲೆಲ್ಲಾ ಹರಡಿದೆ. ಪ್ರತಿ ಹಾಳೆಯ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದದ್ದು ಎರಡೇ. ಮಾತಾಡುವವಳು ಎಲ್ಲಿ ನಿಂತಿದ್ದಾಳೆ, ಕೊನೆಯ ಸಾಲಿನಲ್ಲಿ ಕೈಗೆ ಸಿಗುವ ವಸ್ತು ಯಾವುದು. ವಿಷಯ ಏನು ಅಂತ ಬರೆಯಲೇ ಇಲ್ಲ.

ಆಗ ಜೋಡಣೆ ತಾನಾಗಿ ಕಾಣತೊಡಗಿತು. ಅಮ್ಮನ ಒಂದು ಕವಿತೆ "ಬೂದಿ ಹಾಕಿ ತಿಕ್ಕಿದರೂ ಬೆರಳ ಕಪ್ಪು ಹೋಗಲಿಲ್ಲ" ಅಂತ ಮುಗಿಯುತ್ತದೆ. ಸಮಾಜ ಅನ್ನುವ ಭಾಗದಲ್ಲಿ ಇಟ್ಟಿದ್ದ ಬೆಂಗಳೂರಿನ ಕವಿತೆ "ಲಿಫ್ಟಿನ ಗುಂಡಿ ಒತ್ತಿದೆ, ಬೆರಳಿಗೆ ಬೆಳಕು ಹತ್ತಿತು" ಅಂತ ಶುರುವಾಗುತ್ತದೆ. ಹಳೆಯ ಪುಸ್ತಕದಲ್ಲಿ ಎರಡಕ್ಕೂ ನಡುವೆ ಮೂವತ್ತು ಪುಟ ಇತ್ತು. ಪಕ್ಕಪಕ್ಕ ಇಟ್ಟ ತಕ್ಷಣ ಬೆರಳಿನಿಂದ ಬೆರಳಿಗೆ ಒಂದು ದಾರ ಎಳೆದ ಹಾಗಾಯಿತು. ಲಿಫ್ಟಿನ ಕವಿತೆಯಲ್ಲಿ ಅಮ್ಮನ ಹೆಸರೇ ಇಲ್ಲ, ಆದರೂ ಈಗ ಅವಳು ಅಲ್ಲಿದ್ದಾಳೆ. ಒಂದು ಸಾಲನ್ನೂ ತಿದ್ದಿರಲಿಲ್ಲ.

ಹೀಗೆ ಜೋಡಿಸುತ್ತಾ ಹೋದಾಗ ಹದಿಮೂರು ಕವಿತೆ ಎಲ್ಲೂ ಕೂರಲಿಲ್ಲ, 31 ಉಳಿದವು. ಅಮ್ಮನ ಆರರಲ್ಲಿ ಮೂರು ಹೊರಗೆ ಹೋದವು. ಉಳಿದ ಮೂರನ್ನು ದೂರದೂರಕ್ಕೆ ಹಾಕಿದೆ. ಒಂದು ಶುರುವಿನಲ್ಲಿ, ಒಂದು ಮಧ್ಯೆ, ಆ ಐದನೆಯದು ಕೊನೆಯ ಹತ್ತಿರ. ಅದು ಬರುವಷ್ಟರಲ್ಲಿ ಓದುವವರು ಅಮ್ಮನನ್ನು ಸ್ವಲ್ಪ ಮರೆತಿರಬೇಕು.

ಹಾಗಾದರೆ ಭಾಗಗಳೇ ಬೇಡವಾ? 31 ಕವಿತೆಗೆ ಬೇಡ ಅಂತಲೇ ನನ್ನ ಅಭಿಪ್ರಾಯ. ಮಾತಾಡುವ ದನಿ ನಿಜವಾಗಿ ಬದಲಾಗುವ ಜಾಗ ಇದ್ದರೆ ಮಾತ್ರ ಒಂದು ಖಾಲಿ ಹಾಳೆ ಬಿಡಿ. ನನಗೆ ಅಂಥ ಜಾಗ ಒಂದೇ ಸಿಕ್ಕಿತು, ಹುಡುಗಿಯ ದನಿ ನಿಂತು ಹೆಂಗಸಿನ ದನಿ ಶುರುವಾಗುವ ಕಡೆ. ಅಲ್ಲಿ ತಲೆಬರಹ ಬೇಡ, ಬರೀ '2' ಅಂತ ಸಾಕು. ಖರ್ಚಿನ ಲೆಕ್ಕವೂ ಇದೆ. ಪ್ರತಿ ಭಾಗಕ್ಕೆ ಬಲಪುಟದಲ್ಲಿ ತಲೆಬರಹ, ಅದರ ಹಿಂದೆ ಖಾಲಿ ಪುಟ. ನಾಲ್ಕು ಭಾಗಕ್ಕೆ ಎಂಟು ಪುಟ, ಅಂದರೆ ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗುವ 16 ಪುಟದ ಒಂದು ಫಾರ್ಮಿನಲ್ಲಿ ಅರ್ಧ. ಆ ಪುಟಗಳನ್ನು ಎರಡು ಪುಟದ ಕವಿತೆಗಳಿಗೆ ಉಳಿಸಿಕೊಳ್ಳಿ. ಅಂಥ ಕವಿತೆ ಎಡಪುಟದಲ್ಲೇ ಶುರುವಾಗಬೇಕು. ಆಗ ಪೂರ್ತಿ ಕವಿತೆ ಒಟ್ಟಿಗೆ ಕಣ್ಣೆದುರು ಇರುತ್ತದೆ. ಬಲಪುಟದಲ್ಲಿ ಶುರುವಾದರೆ ಅರ್ಧಕ್ಕೆ ಹಾಳೆ ಮಗುಚಬೇಕು, ಉಸಿರು ಕಡಿಯುತ್ತದೆ.

ಇನ್ನು ಶೀರ್ಷಿಕೆ. ನೀವು 'ಎಲ್ಲಕ್ಕೂ ಹೊಂದುವ' ಅಂತ ಕೇಳಿದ್ದೀರಿ. ನಾನು ಎಡವಿದ್ದೇ ಅಲ್ಲಿ. ಎಲ್ಲಕ್ಕೂ ಹೊಂದಲಿ ಅಂತ ಮೌನ, ನೆನಪು, ಹನಿ ಈ ಮೂರರಲ್ಲಿ ಎರಡನ್ನು ಜೋಡಿಸಿದ್ದೆ. ಅದು ನನ್ನ ಪುಸ್ತಕಕ್ಕೂ ಹೊಂದುತ್ತಿತ್ತು, ಅಂಗಡಿಯ ಕಪಾಟಿನಲ್ಲಿದ್ದ ಬೇರೆ ಎಲ್ಲರ ಸಂಕಲನಕ್ಕೂ ಹೊಂದುತ್ತಿತ್ತು. ನಿಸಾರ್ ಅಹಮದ್ ಅವರ ಮೊದಲ ಸಂಕಲನದ ಹೆಸರು ನೋಡಿ, 'ಮನಸು ಗಾಂಧಿಬಜಾರು', 1960ರದ್ದು. ಬರೀ 'ಮನಸು' ಅಂದಿದ್ದರೆ ಯಾರದ್ದಾದರೂ ಆಗಬಹುದಿತ್ತು. ಪಕ್ಕದಲ್ಲಿ ಬೆಂಗಳೂರಿನ ಒಂದು ನಿಜವಾದ ಬೀದಿ ಬಂದು ನಿಂತಿತು, ಬೇರೆಯವರು ಇಡಲಾಗದ ಹೆಸರಾಯಿತು.

ನೆಲದ ಮೇಲಿನ ಹಾಳೆಗಳಲ್ಲಿ ನನಗೆ ಗೊತ್ತಿಲ್ಲದೆ ಒಂದು ಪದ ಮೂರು ಕಡೆ ಬಂದಿತ್ತು. ಚೊಗರು. ನಮ್ಮ ಕಡೆ ಹಸಿ ಅಡಿಕೆ ಸುಲಿದು ಬೇಯಿಸಿದಾಗ ಉಳಿಯುವ ಕೆಂಪು ನೀರು. ಅದನ್ನು ಮತ್ತೆ ಮತ್ತೆ ಕುದಿಸಿ ಗಟ್ಟಿ ಮಾಡಿ, ಬೆಂದ ಅಡಿಕೆಗೆ ಬಣ್ಣ ಹೊಳಪು ಬರಲಿ ಅಂತ ಹಚ್ಚುತ್ತಾರೆ. ಕೈಗೆ ಹತ್ತಿದರೆ ಬೇಗ ಬಿಡೋದಿಲ್ಲ. ಆ ಪದವನ್ನು ಶೀರ್ಷಿಕೆ ಅಂತ ಮನಸ್ಸಿನಲ್ಲಿಟ್ಟುಕೊಂಡು 31 ಕವಿತೆಯನ್ನೂ ಮತ್ತೆ ಓದಿದೆ. ಲಿಫ್ಟಿನ ಬೆಳಕು ಹತ್ತಿದ ಬೆರಳು ಬೇರೆಯಾಗಿ ಕಂಡಿತು. ಪ್ರೀತಿಯ ಕವಿತೆಯೊಂದರಲ್ಲಿ ತೊಳೆದು ಒಣಗಿಸಿದ ಅಂಗಿ ಬೇರೆಯಾಗಿ ಕಂಡಿತು. ಶೀರ್ಷಿಕೆಗೆ ನಾನು ಮಾಡುವ ಪರೀಕ್ಷೆ ಇದೊಂದೇ: ಅದಕ್ಕೆ ಸಂಬಂಧವೇ ಇಲ್ಲದ ಕವಿತೆಯೂ ಅದರಿಂದ ಕೊಂಚ ಬದಲಾಗಬೇಕು. ಆ ಪದ ಇರುವ ಕವಿತೆಯನ್ನು ಶುರುವಿಗೇ ಇಡಬೇಡಿ. ನಾನು ಆ ಪದ ಮೊದಲು ಬರುವ ಕವಿತೆಯನ್ನು 19ನೆಯದಾಗಿ ಇಟ್ಟೆ. ಅಡಿಕೆ ಬೆಳೆಯದ ಕಡೆಯ ಓದುಗರಿಗೆ ಚೊಗರು ಅಂದರೆ ಗೊತ್ತಿರೋದಿಲ್ಲ. ಅಲ್ಲಿಯವರೆಗೆ ಏನಿರಬಹುದು ಅಂತ ಯೋಚಿಸುತ್ತಾ ಬರಲಿ. ಮುನ್ನುಡಿಯಲ್ಲಿ ಬಿಡಿಸಿ ಹೇಳಬೇಡಿ, ಬೆನ್ನುಡಿಯಲ್ಲೂ ಬೇಡ.

ಆ 31ರ ಪಟ್ಟಿ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಅಚ್ಚಾದ ಪುಸ್ತಕ ಮಾತ್ರ ಹಳೆಯ ಜೋಡಣೆಯಲ್ಲೇ, ಹಳೆಯ ಹೆಸರಿನಲ್ಲೇ ಅಟ್ಟದ ಮೇಲಿದೆ. ನಿಮ್ಮ ಅಮ್ಮನ ಭಾಗದಲ್ಲಿ ಎಷ್ಟು ಕವಿತೆ ಇವೆಯೋ ಅಷ್ಟರದ್ದೂ ಕೊನೆಯ ಎರಡು ಸಾಲು ಇಲ್ಲಿ ಬರೆಯಿರಿ, ಬೇರೇನೂ ಬೇಡ. ನೋಡಿ ಹೇಳುತ್ತೇನೆ.