ಎಂಟು ನಿಮಿಷದ ರೂಮಿನಲ್ಲಿ ಮೊದಲು ನೀವೇ ಮಾತಾಡಿ

*ಅಕ್ಕಾ, ನಾನು ಧಾರವಾಡದವಳು. ಮದುವೆಯಾಗಿ ಪುಣೆಯ ಕೋಥ್ರೂಡಿಗೆ ಬಂದು ಮೂರು ವರ್ಷವಾಯಿತು. ಮನೆಯಿಂದಲೇ ಅಕೌಂಟ್ಸ್ ಕೆಲಸ ಮಾಡುತ್ತೇನೆ. ಗಿರಾಕಿ ಸಿಗಲಿ ಅಂತ ಝೂಮ್‌ನಲ್ಲಿ ನಡೆಯುವ ನೆಟ್‌ವರ್ಕಿಂಗ್ ಸಭೆಗಳಿಗೆ ಸೇರುತ್ತೇನೆ. ಸಣ್ಣ ಸಣ್ಣ ಗುಂಪು ಮಾಡಿ ಬ್ರೇಕ್‌ಔಟ್ ರೂಮಿಗೆ ಹಾಕಿದ ಕೂಡಲೇ ಬಾಯಿ ಕಟ್ಟುತ್ತದೆ. ನನ್ನ ಸರದಿ ಬರುವಷ್ಟರಲ್ಲಿ ರೂಮು ಮುಚ್ಚಿರುತ್ತದೆ. ನನ್ನ ಹಿಂದಿಯೂ ಅಷ್ಟಕ್ಕಷ್ಟೆ. ಏನು ಮಾಡಲಿ?*
*— ಹೆಸರು ಬೇಡ, ಪುಣೆ*

ತಂಗಿ, ತೊಂದರೆ ನಿಮ್ಮ ಹಿಂದಿಯದಲ್ಲ, ಸರದಿಯದು. ರೂಮಿನಲ್ಲಿ ನಾಲ್ಕು ಜನ, ಎಂಟು ನಿಮಿಷ ಅಂತಿಟ್ಟುಕೊಳ್ಳಿ. "ಕೇಳಿಸ್ತಾ ಇದೆಯಾ?" ಎನ್ನುವುದರಲ್ಲೇ ಒಂದು ನಿಮಿಷ ಹೋಗುತ್ತದೆ. ಆಮೇಲೆ ಒಬ್ಬರು ನಾಲ್ಕು ನಿಮಿಷ ಮಾತಾಡಿದರೆ ಮುಗಿಯಿತು. ಕಾಯುತ್ತಾ ಕೂತವರಿಗೆ ಹೆಚ್ಚೇನೂ ಉಳಿಯುವುದಿಲ್ಲ.

ಅದಕ್ಕೇ ಎಲ್ಲರೂ ಸುಮ್ಮನಿರುವ ಆ ಮೊದಲ ಗಳಿಗೆಯನ್ನು ನೀವು ಹಿಡಿಯಿರಿ. "ಟೈಮ್ ಕಡಿಮೆ ಇದೆ, ಒಬ್ಬೊಬ್ಬರು ಒಂದೊಂದು ನಿಮಿಷ ಹೇಳೋಣವಾ? ನಾನೇ ಶುರು ಮಾಡ್ತೀನಿ." ಇಷ್ಟನ್ನು ಹಿಂದಿಯಲ್ಲಿ ಬಾಯಿಪಾಠ ಮಾಡಿಕೊಳ್ಳಿ. ಇದರಿಂದ ನಿಮ್ಮ ನಂತರದವರಿಗೂ ಸಮಯ ಸಿಗುತ್ತದೆ, ಅವರು ಅದನ್ನು ಮರೆಯುವುದಿಲ್ಲ.

ಪರಿಚಯದಲ್ಲಿ "ಅಕೌಂಟ್ಸ್ ಮಾಡ್ತೀನಿ" ಅಂದರೆ ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಯಾರಿಗೆ, ಏನು ಅಂತ ಹೇಳಿ. "ಸಣ್ಣ ಅಂಗಡಿ, ಕೇಟರಿಂಗ್‌ನವರ ಬಿಲ್ಲು ಜೋಡಿಸಿ ಜಿಎಸ್‌ಟಿ ಲೆಕ್ಕ ಮಾಡಿಕೊಡ್ತೀನಿ." ಆಮೇಲೆ ಪರದೆಯ ಮೇಲಿರುವ ಒಂದು ಹೆಸರು ಹಿಡಿದು ಕೇಳಿ: "ನಿಮ್ಮಲ್ಲಿ ಬಿಲ್ಲುಗಳನ್ನು ಯಾರು ನೋಡ್ತಾರೆ?" ಈ ಪ್ರಶ್ನೆಗೆ ಬರುವ ಉತ್ತರದಲ್ಲೇ ನಿಮ್ಮ ಗಿರಾಕಿ ಇದ್ದಾರೋ ಇಲ್ಲವೋ ಗೊತ್ತಾಗುತ್ತದೆ. ಮಾತಾಡುವಾಗ ಕಣ್ಣು ಕ್ಯಾಮೆರಾದ ಮೇಲಿರಲಿ. ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ಅದಕ್ಕೆ ಎದುರಾಗಿ ಕೂರಿ.

ಇನ್ನು ಚಾಟ್. ಜಾಸ್ತಿ ಜನ ಎಡವುವುದು ಇಲ್ಲೇ. ಬ್ರೇಕ್‌ಔಟ್ ರೂಮಿನಲ್ಲಿ ಬರೆದದ್ದು ಆ ರೂಮಿನವರಿಗೆ ಮಾತ್ರ ಕಾಣುತ್ತದೆ. ರೂಮು ಮುಚ್ಚಿದ ಮೇಲೆ ಅಲ್ಲಿ ಬರೆಯಲು ಆಗುವುದಿಲ್ಲ. ನಾನೇ ಒಮ್ಮೆ ಒಬ್ಬ ಹೆಂಗಸಿನ ಜೊತೆ ಮನಸ್ಸು ಬಿಚ್ಚಿ ಮಾತಾಡಿ, ಕೊನೆಯಲ್ಲಿ ವಿಳಾಸ ಕೇಳಿದರಾಯಿತು ಅಂದುಕೊಂಡಿದ್ದೆ. ಅಷ್ಟರಲ್ಲಿ ರೂಮು ಮುಚ್ಚಿತು. ಅವರು ಮತ್ತೆ ಸಿಗಲೇ ಇಲ್ಲ, ಇವತ್ತಿಗೂ ಬೇಜಾರಿದೆ. ನೀವು ಹೆಸರು, ಕೆಲಸ, ಇಮೇಲ್ ಇರುವ ಒಂದು ಸಾಲನ್ನು ಮೊದಲೇ ಬರೆದಿಟ್ಟುಕೊಳ್ಳಿ. ನಿಮ್ಮ ಪರಿಚಯ ಮುಗಿದ ತಕ್ಷಣ ಚಾಟ್‌ಗೆ ಅಂಟಿಸಿ. ಬೇರೆಯವರು ಹಾಕಿದ್ದನ್ನು ಅಲ್ಲೇ ಬರೆದುಕೊಳ್ಳಿ.

ಅಕಸ್ಮಾತ್ ತಪ್ಪಿಹೋದರೆ, ದೊಡ್ಡ ಸಭೆಗೆ ಮರಳಿದ ಮೇಲೆ ಚಾಟ್‌ನಲ್ಲಿ ಅವರ ಹೆಸರು ಆರಿಸಿ ಅವರೊಬ್ಬರಿಗೇ ಬರೆಯಬಹುದು. ನಡೆಸುವವರು ಅದನ್ನು ಬಂದ್ ಮಾಡಿರಬಾರದು, ಅಷ್ಟೇ. ಕಳಿಸುವ ಮುಂಚೆ ಮೇಲೆ Everyone ಅಂತಿಲ್ಲ ತಾನೇ, ನೋಡಿಕೊಳ್ಳಿ. ರೂಮಿನಿಂದ ಹೊರಬರುವಾಗ Leave Meeting ಒತ್ತಬೇಡಿ, ಇಡೀ ಸಭೆಯಿಂದಲೇ ಹೊರಗೆ ಬೀಳುತ್ತೀರಿ. Leave Room ಒತ್ತಿ.

ಅದೇ ಸಂಜೆ ಒಬ್ಬರಿಗೋ ಇಬ್ಬರಿಗೋ ಬರೆಯಿರಿ, ಎಲ್ಲರಿಗೂ ಬೇಡ. ಅವರು ಹೇಳಿದ ಒಂದು ಮಾತು ಅದರಲ್ಲಿರಲಿ: "ದೀಪಾವಳಿ ಆರ್ಡರ್‌ಗಳ ಬಿಲ್ಲು ಕಲಸುಮೇಲೋಗರ ಆಗಿದೆ ಅಂದಿರಲ್ಲ, ಶನಿವಾರ ಹದಿನೈದು ನಿಮಿಷ ಕೂತು ನೋಡೋಣವಾ?"