ಗುಟ್ಕಾ ಇಲ್ಲ, ಎರಡು ಪ್ಯಾಕೆಟ್ ಇದೆ

"ಗುಟ್ಕಾ ನಿಷೇಧವಾಗಿ ಇಷ್ಟು ವರ್ಷವಾದರೂ ನಿಮ್ಮ ಮಂಗಳೂರಿನಲ್ಲಿ ಎಲ್ಲರ ಬಾಯಲ್ಲೂ ಅದೇ ಇದೆಯಲ್ಲ, ಗಡಿಯ ಜನರಿಗೆ ಕಾನೂನು ಲೆಕ್ಕಕ್ಕಿಲ್ಲವೇ?" ಎಂದು ನೀನು ನನ್ನನ್ನು ಕೇಳಿದ್ದೀಯ. ಮಾರಾಯ, ಕಾನೂನನ್ನು ನಮ್ಮಷ್ಟು ಹತ್ತಿರದಿಂದ ನೋಡುವವರು ಕಡಿಮೆ. ತಲಪಾಡಿ ದಾಟಿದರೆ ಕೇರಳ. ಅಲ್ಲಿ 2012ರ ಮೇ ತಿಂಗಳಲ್ಲಿ ಗುಟ್ಕಾ ನಿಷೇಧವಾಯಿತು, ನಮ್ಮಲ್ಲಿ ಮರುವರ್ಷ ಮೇ ಕೊನೆಗೆ. ತೊಕ್ಕೊಟ್ಟಿನ ಅಂಗಡಿಯಲ್ಲಿ ರಾಜಾರೋಷವಾಗಿ ನೇತಾಡುವ ತಂಬಾಕಿನ ಪ್ಯಾಕೆಟ್ ಮಂಜೇಶ್ವರದಲ್ಲಿ ಪೊಲೀಸರು ವಶಪಡಿಸಿಕೊಳ್ಳುವ ಸರಕಾಗುತ್ತದೆ. ಕಾಸರಗೋಡಿನಲ್ಲಿ ನೆಂಟರಿರುವ ನಮಗೆ ಬಸ್ಸಿನಲ್ಲಿ ಚೀಲ ತೆರೆದು ತೋರಿಸುವುದು ಹೊಸತಲ್ಲ.

ನೀನು ನೋಡಿದ್ದು ಗುಟ್ಕಾ ಅಲ್ಲ. ಎರಡು ಬೇರೆ ಬೇರೆ ಪ್ಯಾಕೆಟ್. ಒಂದು ಪಾನ್ ಮಸಾಲಾ: ಅಡಿಕೆ ಚೂರು, ಕಾಚು, ಸುಣ್ಣ, ಏಲಕ್ಕಿ, ಪರಿಮಳ. ತಂಬಾಕು ಇಲ್ಲ, ನಿಕೋಟಿನ್ ಇಲ್ಲ ಎಂದು ಅದರ ಮೇಲೆಯೇ ಬರೆದಿರುತ್ತದೆ, ಆಹಾರ ಪರವಾನಗಿಯ ಸಂಖ್ಯೆಯೂ ಇರುತ್ತದೆ. ಇನ್ನೊಂದು ಅದಕ್ಕಿಂತ ಚಿಕ್ಕದು, ಪರಿಮಳ ಬೆರೆಸಿದ ಜಗಿಯುವ ತಂಬಾಕು. ಅದರ ಎರಡೂ ಮುಖದ ಶೇ. 85 ಭಾಗವನ್ನು ಕ್ಯಾನ್ಸರಿನ ಚಿತ್ರ ಮತ್ತು ಎಚ್ಚರಿಕೆ ತುಂಬಿರುತ್ತದೆ. ಗಿರಾಕಿ ಒಂದೇ ಹೆಸರು ಹೇಳುತ್ತಾನೆ, ಅಂಗಡಿಯವರು ಎರಡು ಸರದಿಂದಲೂ ಒಂದೊಂದು ಹರಿದು ಕೊಡುತ್ತಾರೆ. ದೊಡ್ಡ ಪ್ಯಾಕೆಟ್ಟಿನ ಮೂಲೆ ಹರಿದು, ಚಿಕ್ಕದನ್ನು ಅದರೊಳಗೆ ಸುರಿದು, ಬಾಯಿ ಹಿಡಿದು ಕುಲುಕಿದರೆ ಗುಟ್ಕಾ ಸಿದ್ಧ. ಕಾರ್ಖಾನೆಯ ಕೊನೆಯ ಕೆಲಸವನ್ನು ದಕ್ಕೆಯ ಕೂಲಿಯವನ ಕೈಗೆ ಕೊಟ್ಟಿದ್ದಾರೆ, ಅಷ್ಟೇ.

ನನ್ನ ಸಿಟ್ಟೆಲ್ಲ ಇಲ್ಲಿಯೇ. ಆಹಾರ ಪದಾರ್ಥದಲ್ಲಿ ತಂಬಾಕು, ನಿಕೋಟಿನ್ ಇರಕೂಡದು ಎಂದು 2011ರ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಗುಟ್ಕಾ ನಿಷೇಧ ನಿಂತಿರುವುದು ಆ ಸಾಲಿನ ಮೇಲೆ. ಆಹಾರ ಸುರಕ್ಷತಾ ಅಧಿಕಾರಿ ಅಂಗಡಿಗೆ ಬಂದು ಪಾನ್ ಮಸಾಲಾದ ಮಾದರಿ ತೆಗೆದರು ಎಂದುಕೋ. ಅದನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಿ, ಒಂದನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ವಿಶ್ಲೇಷಕರು 14 ದಿನದೊಳಗೆ ವರದಿ ಕೊಡಬೇಕು. ವರದಿ ಬರುತ್ತದೆ: ನಿಕೋಟಿನ್ ಪತ್ತೆಯಾಗಿಲ್ಲ. ಅದು ಸುಳ್ಳೂ ಅಲ್ಲ. ಪಕ್ಕದ ಸರವನ್ನು ಹಿಡಿದರೆ, ಇದು ಆಹಾರವಲ್ಲ, ತಂಬಾಕು, ಇದಕ್ಕೆ 2003ರ ಬೇರೆ ಕಾಯ್ದೆ ಇದೆ ಎಂಬ ವಾದ ಬರುತ್ತದೆ. ಆ ಕಾಯ್ದೆ ಜಾಹೀರಾತು, ಎಚ್ಚರಿಕೆ ಚಿತ್ರ, ಮಕ್ಕಳಿಗೆ ಮಾರುವುದು, ಶಾಲೆಯ ಹತ್ತಿರ ಮಾರುವುದು ಇವುಗಳನ್ನು ಹಿಡಿಯುತ್ತದೆ, ಮಾರಾಟವನ್ನೇ ನಿಲ್ಲಿಸುವುದಿಲ್ಲ. ಒಂದೊಂದನ್ನೇ ಪರೀಕ್ಷಿಸಿದರೆ ಎರಡೂ ಪಾರು.

ಸುಪ್ರೀಂ ಕೋರ್ಟ್ ಇದನ್ನು ಕಾಣದೆ ಇಲ್ಲ. 2016ರ ಸೆಪ್ಟೆಂಬರ್ 23ರಂದು, ಜೋಡಿ ಪ್ಯಾಕೆಟ್ಟಿನ ಮೂಲಕ ನಿಷೇಧ ತಪ್ಪಿಸಿಕೊಳ್ಳುತ್ತಿರುವುದನ್ನು ಗಮನಿಸಿ, ನಿಯಮವನ್ನು ಪೂರ್ತಿಯಾಗಿ ಜಾರಿ ಮಾಡಿ ಎಂದು ರಾಜ್ಯಗಳಿಗೆ ಹೇಳಿತು. ಹಲವು ರಾಜ್ಯಗಳು ತಮ್ಮ ಆದೇಶದ ಒಕ್ಕಣೆಯನ್ನೇ ಹಿಗ್ಗಿಸಿದವು: ಬೇರೆ ಬೇರೆಯಾಗಿ ಕಟ್ಟಿದ್ದರೂ, ಗಿರಾಕಿ ಸುಲಭವಾಗಿ ಬೆರೆಸಿಕೊಳ್ಳುವಂತೆ ಮಾರಿದರೆ ಅದೂ ನಿಷಿದ್ಧ. ಮಾತು ಸರಿಯಾಗಿದೆ. ಆದರೆ ಈಗ ಸಾಬೀತುಪಡಿಸಬೇಕಾದದ್ದು ಪ್ಯಾಕೆಟ್ಟಿನ ಒಳಗಿನ ವಸ್ತುವನ್ನಲ್ಲ, ಮಾರಿದ ರೀತಿಯನ್ನು. ಅದನ್ನು ಯಾವ ಪ್ರಯೋಗಾಲಯ ಹೇಳುತ್ತದೆ? ಮೇಲಾಗಿ ಆಹಾರ ಸುರಕ್ಷತಾ ಆಯುಕ್ತರು ಹೊರಡಿಸುವ ನಿಷೇಧದ ಆಯಸ್ಸು ಹೆಚ್ಚೆಂದರೆ ಒಂದು ವರ್ಷ. ಪ್ರತಿ ವರ್ಷ ಹೊಸ ಆದೇಶ, ಪ್ರತಿ ಆದೇಶಕ್ಕೂ ನ್ಯಾಯಾಲಯದಲ್ಲಿ ತಕರಾರು. ದೆಹಲಿಯ ಅಂಥ ಆದೇಶಗಳನ್ನು ಅಲ್ಲಿನ ಹೈಕೋರ್ಟ್ 2022ರಲ್ಲಿ ರದ್ದು ಮಾಡಿತು, 2023ರಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠ ಎತ್ತಿಹಿಡಿಯಿತು.

"ಅಡಿಕೆ ಬೆಳೆಯುವವರು ನೀವೇ ತಾನೇ" ಎಂದೂ ಚುಚ್ಚಿದ್ದೀಯ. ಹೌದು, ಬೆಳೆಯುತ್ತೇವೆ, ನಾಚಿಕೆಯಿಲ್ಲ. ಪುತ್ತೂರು, ವಿಟ್ಲ, ಸುಳ್ಯದ ಅಂಗಳಗಳಲ್ಲಿ ಚಾಲಿ ಅಡಿಕೆ ಒಣಗಿಯೇ ಎಷ್ಟೋ ಮಕ್ಕಳ ಶಾಲೆಯ ಶುಲ್ಕ ಕಟ್ಟಿಸಿದೆ, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1973ರಲ್ಲಿ ಹುಟ್ಟಿದ್ದು ಇದೇ ಮಂಗಳೂರಿನಲ್ಲಿ. ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿರುವುದೂ ನನಗೆ ಗೊತ್ತು. ಹಾಗಾಗಿ ತಂಬಾಕಿಲ್ಲದ ಪ್ಯಾಕೆಟ್ ನಿರಪಾಯ ಎಂದು ನಾನು ಹೇಳುವುದಿಲ್ಲ. ಆದರೆ ತೋಟದವರು ಯಾರೂ ಈ ಜೋಡಿ ಪ್ಯಾಕೆಟ್ಟಿನ ಉಪಾಯ ಹೂಡಿದವರಲ್ಲ.

ಗಡಿಯಲ್ಲಿ ನಡೆಯುವುದೇನು ಗೊತ್ತೇ? ಸಿಕ್ಕಿಬೀಳುವವನು ಗೂಡಂಗಡಿಯವನು, ಇಲ್ಲವೇ ಗೋಣಿ ಹೊತ್ತು ತಲಪಾಡಿ ದಾಟುವ ಹುಡುಗ. ಜೋಡಿಯ ಪುರಾವೆ ಅವರ ಬಳಿ ಸಿಗುವುದಿಲ್ಲ, ಸಗಟು ವ್ಯಾಪಾರಿಯ ಗೋದಾಮಿನಲ್ಲಿ ಸಿಗುತ್ತದೆ. ಎರಡೂ ಸರಕು ಒಂದೇ ದಿನ, ಒಂದೇ ಗಾಡಿಯಲ್ಲಿ, ಒಂದಕ್ಕೊಂದು ಸಮನಾದ ಲೆಕ್ಕದಲ್ಲಿ ಅಂಗಡಿ ಅಂಗಡಿಗೆ ಹೋಗುತ್ತಿದ್ದರೆ ಬೆರೆಸುವುದಕ್ಕೆಂದೇ ಮಾರುತ್ತಿದ್ದಾರೆ ಎನ್ನಲು ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ? ನಮ್ಮ ಊರಿನವರ ಬಾಯಿ ನೋಡುವ ಮೊದಲು ಅಲ್ಲಿನ ಬಿಲ್ಲುಗಳನ್ನು ಯಾರಾದರೂ ತೆರೆಸಲಿ.